ಹೊಟ್ಟೆ ಅಸೆಸ್‌ಮೆಂಟ್: ಇಡೀ ಅಧ್ಯಾಯ ಒಂದೇ ಹಾಳೆಯಲ್ಲಿ | ನರ್ಸಿಂಗ್ ಪ್ರಾಕ್ಟಿಕಲ್ ವ್ಲಾಗ್

ಎಲ್ಲರಿಗೂ ನಮಸ್ಕಾರ. ಇವತ್ತಿನ ವ್ಲಾಗ್ ತುಮಕೂರಿನ ಹಾಸ್ಟೆಲ್ ರೂಮಿನಿಂದಲೇ. ಸಿದ್ಧಗಂಗೆ ಬೆಟ್ಟ ತೋರಿಸು, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತೋರಿಸು ಅಂತ ಕೇಳಿದವರು ಸ್ವಲ್ಪ ತಡೆದುಕೊಳ್ಳಿ, ಪ್ರಾಕ್ಟಿಕಲ್ಸ್ ತಲೆ ಮೇಲೆ ಕೂತಿದೆ.

ಟೇಬಲ್ ಮೇಲೆ ಕಾಣುತ್ತಿರುವ ದಪ್ಪ ಪುಸ್ತಕದಲ್ಲಿ ಪೇಷಂಟ್ ಅಸೆಸ್‌ಮೆಂಟ್ ಅಧ್ಯಾಯ ತಲೆಯಿಂದ ಪಾದದವರೆಗೆ ಹೋಗುತ್ತದೆ. ನಾನು ಇವತ್ತು ಹೊಟ್ಟೆಯನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಯಾಕೆ ಅಂದರೆ ಉಳಿದ ಕಡೆಗೆಲ್ಲ ನಾವು ಬಾಯಿಪಾಠ ಮಾಡಿರುವ ಆರ್ಡರ್ ಒಂದೇ. ಮೊದಲು ನೋಡು, ಆಮೇಲೆ ಮುಟ್ಟು, ಆಮೇಲೆ ತಟ್ಟು, ಕೊನೆಗೆ ಸ್ಟೆತ್ ಇಡು. ಹೊಟ್ಟೆಗೆ ಬಂದರೆ ಈ ಆರ್ಡರ್ ಬದಲಾಗುತ್ತದೆ. ನೋಡು, ಕೇಳು, ತಟ್ಟು, ಆಮೇಲೆ ಮುಟ್ಟು. ಮೊದಲೇ ಹೊಟ್ಟೆಯನ್ನು ತಟ್ಟಿ ಒತ್ತಿಬಿಟ್ಟರೆ ಕರುಳಿನ ಓಡಾಟ ಹೆಚ್ಚುಕಮ್ಮಿ ಆಗಬಹುದು, ಆಗ ಸ್ಟೆತ್‌ನಲ್ಲಿ ಕೇಳಿಸುವುದು ಪೇಷಂಟಿನ ನಿಜವಾದ ಶಬ್ದವೋ ನಾವು ಎಬ್ಬಿಸಿದ್ದೋ ಗೊತ್ತಾಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ಒತ್ತಿದಾಗ ನೋವಾದರೆ ಪೇಷಂಟ್ ಹೊಟ್ಟೆ ಬಿಗಿ ಹಿಡಿಯುತ್ತಾರೆ, ಆಮೇಲೆ ಯಾವುದನ್ನೂ ಸರಿಯಾಗಿ ನೋಡಲು ಆಗುವುದಿಲ್ಲ. ವೈವಾದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ ಅಂದುಕೊಳ್ಳಿ.

ಈಗ ಹಾಳೆಗೆ ಬರೋಣ. ಪುಸ್ತಕ ಬರೆದವರು ವಿಷಯ ಅರ್ಥವಾಗಲಿ ಅಂತ ಬರೆದಿರುತ್ತಾರೆ, ಬೆಡ್ ಪಕ್ಕ ನಿಂತವಳಿಗೆ ಅಂತಲ್ಲ. ಮೊದಲು ಅನಾಟಮಿ, ಆಮೇಲೆ ಹಿಸ್ಟರಿ, ಆಮೇಲೆ ಟೆಕ್ನಿಕ್, ಕೊನೆಗೆ ನಾರ್ಮಲ್ ಅಬ್‌ನಾರ್ಮಲ್ ಟೇಬಲ್. ಮೂತ್ರಕೋಶ ಖಾಲಿ ಇರಬೇಕು ಅನ್ನುವ ಮಾತು ಯಾವುದೋ ಪ್ಯಾರಾ ಮಧ್ಯದಲ್ಲಿ ಅಡಗಿರುತ್ತದೆ. ಆದರೆ ಬೆಡ್ ಹತ್ತಿರ ಅದು ಶುರುವಿನಲ್ಲೇ ಬರಬೇಕಾದ ಕೆಲಸ, ಪೇಷಂಟನ್ನು ಮಲಗಿಸಿ ಬಟ್ಟೆ ಸರಿಸಿದ ಮೇಲೆ ಎದ್ದು ಹೋಗಿ ಬನ್ನಿ ಅಂದರೆ ಹೇಗಿರುತ್ತೆ ಹೇಳಿ.

ಅದಕ್ಕೇ ನಾನು ಪೆನ್ಸಿಲ್ ಹಿಡಿದು ಓದುವಾಗ ಕೆಲಸ ಹೇಳುವ ಸಾಲುಗಳಿಗೆ ಮಾತ್ರ ಗೆರೆ ಹಾಕುತ್ತೇನೆ. ಮಲಗಿಸು, ಕೇಳು, ತಟ್ಟು, ಬರೆ, ಇಂಥವು. ಆಮೇಲೆ ಒಂದು ಎ4 ಹಾಳೆಯನ್ನು ಉದ್ದಕ್ಕೆ ಮೂರು ಭಾಗ ಮಾಡಿ ಮಡಚುತ್ತೇನೆ. ಮೊದಲನೆಯದಕ್ಕೆ ‘ಕೈ’, ಎರಡನೆಯದಕ್ಕೆ ‘ಬಾಯಿ’, ಮೂರನೆಯದಕ್ಕೆ ‘ಕಣ್ಣು’ ಅಂತ ಹೆಸರು. ಕೈ ಏನು ಮಾಡುತ್ತದೆ, ಅದೇ ಹೊತ್ತಿಗೆ ಬಾಯಿ ಏನು ಹೇಳುತ್ತದೆ, ಕಣ್ಣು ಎಲ್ಲಿ ಇರಬೇಕು. ಈ ಮೂರರಲ್ಲಿ ಎಲ್ಲೂ ಕೂರದ ಸಾಲು ಹಾಳೆಯ ಹಿಂದಕ್ಕೆ ಹೋಗುತ್ತದೆ, ಅದು ವೈವಾಗೆ. ಸಿರೋಸಿಸ್ ಇದ್ದವರಿಗೆ ಹೊಕ್ಕಳಿನ ಸುತ್ತ ರಕ್ತನಾಳ ಉಬ್ಬಿ ಯಾಕೆ ಕಾಣುತ್ತದೆ ಅನ್ನುವುದು ಹಿಂದೆ. ರಕ್ತನಾಳ ಉಬ್ಬಿದೆಯಾ ಅಂತ ನೋಡುವುದು ಮುಂದೆ, ಕಣ್ಣಿನ ಕಾಲಂನಲ್ಲಿ.

‘ಬಾಯಿ’ ಕಾಲಂ ತುಂಬ ಜನ ಬಿಟ್ಟುಬಿಡುತ್ತಾರೆ. ಎಕ್ಸಾಮಿನರ್‌ಗೆ ನಿಮ್ಮ ತಲೆಯೊಳಗೆ ಏನು ನಡೆಯುತ್ತಿದೆ ಅಂತ ಕಾಣಿಸುವುದಿಲ್ಲ, ಅಲ್ವಾ? ನೀವು ಮೌನವಾಗಿ ಹೊಟ್ಟೆ ನೋಡುತ್ತಾ ನಿಂತರೆ ಸುಮ್ನೆ ನಿಂತಿದ್ದೀರಿ ಅಂತಲೇ ಲೆಕ್ಕ.

ಸರಿ, ಮೊದಲ ಭಾಗ ಬೇಗ ಮುಗಿಸುತ್ತೇನೆ, ಎಲ್ಲ ಪ್ರೊಸೀಜರ್‌ಗೂ ಇದೇ ಇರುತ್ತೆ. ಕೈ ತೊಳೆಯುವುದು. ಹೆಸರು ಮತ್ತು ಐಪಿ ನಂಬರ್ ಎರಡನ್ನೂ ಕೇಳಿ ಫೈಲ್ ಜೊತೆ ತಾಳೆ ನೋಡುವುದು. ಏನು ಮಾಡುತ್ತೇನೆ ಅಂತ ಹೇಳಿ ಒಪ್ಪಿಗೆ ಪಡೆಯುವುದು, ಸ್ಕ್ರೀನ್ ಎಳೆಯುವುದು. ಇಲ್ಲಿ ಪುಸ್ತಕದ ಭಾಷೆ ಬೇಡ. ನಮ್ಮ ಜಿಲ್ಲೆಯಲ್ಲಿ ಗುಬ್ಬಿ, ಶಿರಾ ಕಡೆಯಿಂದ ಬಂದ ಅಜ್ಜಿಗೆ ‘ನಿಮ್ಮ ಉದರ ಪರೀಕ್ಷೆ ಮಾಡುತ್ತೇನೆ’ ಅಂದರೆ ಗಾಬರಿ ಆಗುತ್ತಾರೆ. ‘ಅಜ್ಜಿ, ಹೊಟ್ಟೆ ಒಂದ್ಸಲ ನೋಡ್ತೀನಿ, ಸ್ಟೆತ್ ಇಡ್ತೀನಿ, ಮೆಲ್ಲಗೆ ಒತ್ತಿ ನೋಡ್ತೀನಿ, ನೋವಾದ್ರೆ ತಕ್ಷಣ ಹೇಳಿ’ ಅಷ್ಟು ಸಾಕು. ಪಾವಗಡ ಕಡೆಯವರಾದರೆ ಎರಡು ಮಾತು ತೆಲುಗಿನಲ್ಲಿ ಆಡಿದರೆ ಅವರ ಮುಖವೇ ಅರಳುತ್ತದೆ. ಆಮೇಲೆ ‘ಬಾತ್‌ರೂಮಿಗೆ ಹೋಗಿ ಬರ್ತೀರಾ?’ ಅಂತ ಕೇಳುವುದು. ಅವರು ಬಂದ ಮೇಲೆ ಅಂಗಾತ ಮಲಗಿಸಿ, ತಲೆಗೆ ದಿಂಬು, ಮಂಡಿ ಸ್ವಲ್ಪ ಮಡಚಿ, ಕೈ ಪಕ್ಕಕ್ಕೆ. ಕೈ ತಲೆಯ ಮೇಲೆ ಹೋದರೆ ಹೊಟ್ಟೆಯ ಸ್ನಾಯು ಎಳೆದುಕೊಂಡು ಬಿಗಿಯಾಗುತ್ತದೆ. ನಾವು ನಿಲ್ಲುವುದು ಪೇಷಂಟಿನ ಬಲಗಡೆ.

ಈಗ ನನ್ನ ರೂಂಮೇಟ್ ಪೇಷಂಟ್ ಆಗಿದ್ದಾಳೆ, ವಿಡಿಯೋದಲ್ಲಿ ನಗುತ್ತಿರುವುದು ಅವಳೇ. ಕೇಸ್ ಹೀಗಿದೆ. 22 ವರ್ಷ. ನಿನ್ನೆ ರಾತ್ರಿ ಹೊಕ್ಕಳಿನ ಸುತ್ತ ನೋವು ಶುರುವಾಗಿದೆ, ಬೆಳಿಗ್ಗೆ ಬಲಗಡೆ ಕೆಳಹೊಟ್ಟೆಗೆ ಇಳಿದಿದೆ. ಒಂದು ಸಲ ವಾಂತಿ, ಊಟ ಬೇಡ ಅನ್ನುತ್ತಿದ್ದಾಳೆ.

ಮುಟ್ಟುವ ಮೊದಲೇ ಒಂದು ಪ್ರಶ್ನೆ ಕೇಳಬೇಕು, ಅದಕ್ಕೆ ನನ್ನ ಹಾಳೆಯಲ್ಲಿ ಕೆಂಪು ಚೌಕ ಹಾಕಿದ್ದೇನೆ. ‘ನೋವು ಎಲ್ಲಿದೆ, ಒಂದೇ ಬೆರಳಲ್ಲಿ ತೋರಿಸಿ.’ ಅವಳು ಬಲಗಡೆ ಕೆಳಗೆ ತೋರಿಸಿದಳು. ಹಾಗಾದರೆ ಇವತ್ತು ಆ ಜಾಗವನ್ನು ಒತ್ತಿ ನೋಡುವುದು ಎಲ್ಲಕ್ಕಿಂತ ಕೊನೆಗೆ. ಎಲ್ಲಿಂದ ಶುರು ಮಾಡಬೇಕು ಅನ್ನುವುದು ಈ ಒಂದು ಉತ್ತರದ ಮೇಲೆ ನಿಂತಿರುವುದರಿಂದ, ಚೆಕ್‌ಲಿಸ್ಟಿನ ಉಳಿದ ಸಾಲುಗಳನ್ನು ಗಿಣಿಪಾಠ ಒಪ್ಪಿಸಿದರೂ ಇದೊಂದು ಸಾಲು ಪ್ರತಿ ಪೇಷಂಟಿಗೂ ಬೇರೆ.

ನೋಡುವುದು. ಎದೆಗೂಡಿನ ಕೆಳಗಿನಿಂದ ಸೊಂಟದ ಮೂಳೆಯವರೆಗೆ ಮಾತ್ರ ಬಟ್ಟೆ ಸರಿಸಿ, ಉಳಿದದ್ದು ಹೊದಿಸಿ. ಮೊದಲು ನಿಂತು ನೋಡಿ, ಆಮೇಲೆ ಬಗ್ಗಿ ಹೊಟ್ಟೆಯ ಮಟ್ಟಕ್ಕೆ ಕಣ್ಣು ತಂದು ಪಕ್ಕದಿಂದ ನೋಡಿ. ಒಂದು ಕಡೆ ಉಬ್ಬಿದ್ದರೆ, ಅಥವಾ ಕರುಳು ಅಲೆಯ ಹಾಗೆ ಹೊರಳುವುದು ಕಾಣುವಂತಿದ್ದರೆ, ಮೇಲಿನಿಂದ ನೋಡಿದರೆ ತಪ್ಪಿಹೋಗುತ್ತದೆ, ಪಕ್ಕದಿಂದ ಸಿಗುತ್ತದೆ. ಬಾಯಲ್ಲಿ ಜೋರಾಗಿ: ‘ಹೊಟ್ಟೆ ಚಪ್ಪಟೆ ಇದೆ, ಎರಡೂ ಕಡೆ ಸಮ ಇದೆ, ಆಪರೇಷನ್ ಗುರುತು ಇಲ್ಲ, ಹೊಕ್ಕಳು ಮಧ್ಯದಲ್ಲಿದೆ.’

ಕೇಳುವುದು. ಸ್ಟೆತ್‌ನ ಡಯಾಫ್ರಮ್ ಅನ್ನು ಅಂಗೈಗೆ ಉಜ್ಜಿ ಬೆಚ್ಚಗೆ ಮಾಡಿ. ತಣ್ಣಗಿನ ಲೋಹ ತಗುಲಿದರೆ ಹೊಟ್ಟೆ ತಟ್ಟನೆ ಬಿಗಿಯುತ್ತದೆ, ಬೇಕಿದ್ದರೆ ನಿಮ್ಮ ಹೊಟ್ಟೆಯ ಮೇಲೇ ಇಟ್ಟು ನೋಡಿ. ಶುರು ಬಲಗಡೆ ಕೆಳಗಿನ ಭಾಗದಿಂದ, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವುದು ಅಲ್ಲೇ, ಶಬ್ದ ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ. ನೋವಿನ ಜಾಗ ಅಲ್ವಾ ಅಂತ ಕೇಳಬಹುದು. ಹೌದು, ಆದರೆ ಸ್ಟೆತ್ ಹಗುರಾಗಿ ಇಡುವುದಷ್ಟೇ, ಒತ್ತುವುದಲ್ಲ. ಅಲ್ಲಿಂದ ಗಡಿಯಾರದ ದಿಕ್ಕಿನಲ್ಲಿ ನಾಲ್ಕೂ ಭಾಗ. ನಿಮಿಷಕ್ಕೆ 5ರಿಂದ 30 ಸಲ ಗುಳುಗುಳು ಕೇಳಿದರೆ ನಾರ್ಮಲ್. ಏನೂ ಕೇಳಲಿಲ್ಲ ಅಂತ ಬೇಗ ಸ್ಟೆತ್ ತೆಗೆದು ‘ಬವೆಲ್ ಸೌಂಡ್ ಇಲ್ಲ’ ಅಂದರೆ ಅಲ್ಲೇ ಮಾರ್ಕ್ಸ್ ಹೋಯಿತು. ಇಲ್ಲ ಅಂತ ಹೇಳಬೇಕಾದರೆ ಪೂರ್ತಿ 5 ನಿಮಿಷ ಕೇಳಿರಬೇಕು. ಎಕ್ಸಾಂನಲ್ಲಿ ಅಷ್ಟು ಟೈಮ್ ಕೊಡದಿದ್ದರೆ ಅದನ್ನು ಬಾಯಲ್ಲಾದರೂ ಹೇಳಿ. ಆಪರೇಷನ್ ಆದವರಿಗೆ ಮೂಗಿನ ಟ್ಯೂಬ್ ಸಕ್ಷನ್‌ಗೆ ಹಾಕಿದ್ದರೆ, ಕೇಳುವಷ್ಟು ಹೊತ್ತು ಸಕ್ಷನ್ ಆಫ್ ಇರಬೇಕು. ಇಲ್ಲದಿದ್ದರೆ ಮಷಿನ್ ಶಬ್ದವನ್ನೇ ಕರುಳಿನ ಶಬ್ದ ಅಂತ ಎಣಿಸಿ ಬರೆಯುತ್ತೀರಿ. ಮುಗಿದ ಮೇಲೆ ಮತ್ತೆ ಆನ್ ಮಾಡುವುದೂ ಹಾಳೆಯಲ್ಲಿ ಒಂದು ಸಾಲು.

ತಟ್ಟುವುದು. ಎಡಗೈ ನಡುಬೆರಳು ಹೊಟ್ಟೆಗೆ ಒತ್ತಿ, ಉಳಿದ ಬೆರಳು ಎತ್ತಿ, ಬಲಗೈ ನಡುಬೆರಳಿನ ತುದಿಯಿಂದ ಆ ಬೆರಳಿನ ಕೊನೆಯ ಗೆಣ್ಣಿನ ಮೇಲೆ ಟಕ್ ಟಕ್. ಆಡಬೇಕಾದ್ದು ಮಣಿಕಟ್ಟು, ಮೊಣಕೈ ಅಲ್ಲ. ಉಗುರು ಕತ್ತರಿಸಿರದಿದ್ದರೆ ನಿಮ್ಮ ಬೆರಳೇ ಹೇಳುತ್ತದೆ. ಹೊಟ್ಟೆಯ ಬಹುಪಾಲು ಕಡೆ ಗಾಳಿ ತುಂಬಿದ ಟೊಳ್ಳು ಸದ್ದು, ಅದು ಟಿಂಪನಿ. ಬಲಗಡೆ ಪಕ್ಕೆಲುಬಿನ ಕಡೆ ಲಿವರ್ ಮೇಲೆ ಮಂದವಾಗುತ್ತದೆ. ಕೆಳಹೊಟ್ಟೆಯ ಮಧ್ಯದಲ್ಲಿ ಮಂದ ಸದ್ದು ಬಂದರೆ ಮೂತ್ರಕೋಶ ತುಂಬಿರಬಹುದು. ಆವಾಗಲೇ ಬಾತ್‌ರೂಮಿಗೆ ಕಳಿಸಿದ್ದು ಇದಕ್ಕೂ ಸೇರಿ. ಇವಳಿಗೆ ನೋವಿರುವ ಭಾಗದಲ್ಲಿ ತಟ್ಟುವುದು ಕೊನೆಗೆ, ಅದೂ ಮೆಲ್ಲಗೆ.

ಮುಟ್ಟುವುದು. ಇಲ್ಲಿ ಕಣ್ಣಿನ ಕಾಲಂನಲ್ಲಿ ನಾನು ಬರೆದಿರುವುದು ಒಂದೇ ಪದ, ‘ಮುಖ’. ಎಲ್ಲರೂ ತಮ್ಮ ಕೈಯನ್ನೇ ನೋಡಿಕೊಂಡು ಒತ್ತುತ್ತಾರೆ. ಕೈಗೆ ಏನು ತಿಳಿಯಬೇಕೋ ಅದು ಸ್ಪರ್ಶದಲ್ಲೇ ತಿಳಿಯುತ್ತದೆ. ನೋವು ತಿಳಿಯುವುದು ಹುಬ್ಬಿನಲ್ಲಿ, ತುಟಿಯಲ್ಲಿ. ‘ಇಲ್ಲ ಸಿಸ್ಟರ್, ಏನೂ ಇಲ್ಲ’ ಅನ್ನುತ್ತಲೇ ಹುಬ್ಬು ಗಂಟಿಕ್ಕುವ ಪೇಷಂಟ್‌ಗಳು ಜಾಸ್ತಿ. ಬೆರಳುಗಳನ್ನು ಜೋಡಿಸಿ, ಅವುಗಳ ಒಳಭಾಗದಿಂದ ಒಂದು ಸೆಂಟಿಮೀಟರ್‌ನಷ್ಟು ಮಾತ್ರ ಅದುಮಿ, ತುದಿಯಿಂದ ಚುಚ್ಚಬೇಡಿ. ನಮ್ಮ ಕೇಸ್‌ನಲ್ಲಿ ಎಡಗಡೆ ಕೆಳಗೆ ಶುರು, ಎಡಗಡೆ ಮೇಲೆ, ಬಲಗಡೆ ಮೇಲೆ, ಕೊನೆಗೆ ಬಲಗಡೆ ಕೆಳಗೆ. ಅಲ್ಲಿ ಬಂದಾಗ ಹೊಟ್ಟೆ ತಾನಾಗಿ ಗಟ್ಟಿಯಾಯಿತು ಅಂದುಕೊಳ್ಳಿ. ಅವರು ಭಯಕ್ಕೆ ಬಿಗಿ ಹಿಡಿದಿದ್ದಾರಾ, ನಿಜಕ್ಕೂ ಗಟ್ಟಿಯಾ? ‘ಬಾಯಿ ತೆರೆದು ಉದ್ದಕ್ಕೆ ಉಸಿರು ಬಿಡಿ’ ಅನ್ನಿ. ಉಸಿರು ಬಿಡುವಾಗ ಸಡಿಲವಾದರೆ ಭಯಕ್ಕೆ ಬಿಗಿ ಹಿಡಿದಿದ್ದು, ಅದು ಗಾರ್ಡಿಂಗ್. ಆಗಲೂ ಹಲಗೆಯಂತೆ ಇದ್ದರೆ ಅದು ರಿಜಿಡಿಟಿ, ಅಲ್ಲಿಗೆ ಕೈ ತೆಗೆದು ತಕ್ಷಣ ತಿಳಿಸಬೇಕು. ಪುಸ್ತಕದಲ್ಲಿ ಆಳಕ್ಕೆ ಒತ್ತಿ ನೋಡುವ ವಿಧಾನವೂ ಇದೆ, ಒತ್ತಿ ಥಟ್ಟನೆ ಕೈ ಬಿಟ್ಟು ನೋವು ನೋಡುವ ವಿಧಾನವೂ ಇದೆ. ಇಂಥ ಪೇಷಂಟಿಗೆ ನಾನು ಅವೆರಡನ್ನೂ ಮಾಡುವುದಿಲ್ಲ. ‘ನೋವು ಜಾಸ್ತಿ ಇದೆ, ಡೀಪ್ ಪಾಲ್ಪೇಷನ್ ಮಾಡುತ್ತಿಲ್ಲ, ಡಾಕ್ಟರಿಗೆ ತಿಳಿಸುತ್ತೇನೆ’ ಅಂತ ಬಾಯಿಬಿಟ್ಟು ಹೇಳುತ್ತೇನೆ. ಮಾಡದೇ ಬಿಟ್ಟಿದ್ದಕ್ಕೆ ಕಾರಣ ಹೇಳಿದರೆ ಅದೂ ಅಸೆಸ್‌ಮೆಂಟೇ. ಸುಮ್ಮನೆ ಬಿಟ್ಟರೆ ಮರೆತಿದ್ದಾಳೆ ಅಂದುಕೊಳ್ಳುತ್ತಾರೆ.

ಆಮೇಲೆ ಬಟ್ಟೆ ಸರಿ ಮಾಡಿ, ಆರಾಮಾಗಿ ಮಲಗಿಸಿ, ಸೈಡ್ ರೇಲ್ ಏರಿಸಿ, ಕೈ ತೊಳೆದು, ಸ್ಟೆತ್ ಒರೆಸಿ, ಬರೆಯುವುದು.

ಬರೆಯುವ ಸಾಲು ಹಾಳೆಯ ತೀರಾ ಕೆಳಗಿದೆ, ಕ್ಯಾಮೆರಾ ಹತ್ತಿರ ಹಿಡಿಯುತ್ತೇನೆ ನೋಡಿ. ‘ಅಬ್ಡೊಮೆನ್ ನಾರ್ಮಲ್’ ಅಂತ ಎರಡು ಪದ ಬರೆದರೆ ಏನೂ ಹೇಳಿದ ಹಾಗಾಗುವುದಿಲ್ಲ. ಇವಳಿಗೆ ಅಪೆಂಡಿಸೈಟಿಸ್ ಅಂತಲೂ ಬರೆಯಬಾರದು, ಡಯಾಗ್ನೋಸಿಸ್ ಹಾಕುವವರು ಡಾಕ್ಟರು. ಕಂಡಿದ್ದು, ಕೇಳಿದ್ದು, ಅವಳು ಹೇಳಿದ್ದು, ಇಷ್ಟೇ: ‘ಹೊಟ್ಟೆ ಚಪ್ಪಟೆ, ಉಬ್ಬರ ಇಲ್ಲ. ಬವೆಲ್ ಸೌಂಡ್ ನಾಲ್ಕೂ ಭಾಗದಲ್ಲಿ ಇದೆ, ನಿಮಿಷಕ್ಕೆ 8. ಬಲ ಕೆಳಭಾಗದಲ್ಲಿ ಒತ್ತಿದರೆ ನೋವು, ಗಾರ್ಡಿಂಗ್ ಇದೆ. ನೋವು ಹತ್ತಕ್ಕೆ 7 ಎನ್ನುತ್ತಾರೆ. ಡೀಪ್ ಪಾಲ್ಪೇಷನ್ ಮಾಡಿಲ್ಲ. ಡ್ಯೂಟಿ ಡಾಕ್ಟರಿಗೆ ತಿಳಿಸಲಾಗಿದೆ.’ ಇದರ ಪಕ್ಕದಲ್ಲಿ ಟೈಮ್, ಕೆಳಗೆ ಸಹಿ.

ರೂಂಮೇಟ್ ಎದ್ದು ಕೂತಾಯ್ತು. ಈಗ ಹಾಳೆ ಅವಳ ಕೈಗೆ, ಪೇಷಂಟ್ ನಾನು. ನನಗೆ ನೋವು ಎಡಗಡೆ ಮೇಲೆ ಅಂತ ಹೇಳುತ್ತೇನೆ, ಎಲ್ಲಿಂದ ಶುರು ಮಾಡುತ್ತಾಳೆ ನೋಡೋಣ.