ಚೀಟಿ ಹೇಳಿದ್ದು ಒಂದು, ಮೊಬೈಲ್ ಹೇಳಿದ್ದು ಇನ್ನೊಂದು

ನಮಸ್ಕಾರ.

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೆರಡು ದಿನ ಇತ್ತು. ಬುಧವಾರ ಸಂಜೆ ನಮ್ಮ ಪಕ್ಕದ ಮನೆಯ ಅಕ್ಕ ಸೀರೆ ಅಂಗಡಿಗೆ ಹೋದರು. ಬಿಲ್ಲು 4,860 ರೂಪಾಯಿ ಆಯಿತು. ಡೆಬಿಟ್ ಕಾರ್ಡು ಕೊಟ್ಟರು, ಗಲ್ಲಾದ ಹುಡುಗ ಅದನ್ನು ಮೆಷಿನ್ನಿಗೆ ಸಿಕ್ಕಿಸಿದ, ಅಕ್ಕ ಪಿನ್ ಒತ್ತಿದರು. ಮೆಷಿನ್ನು ಅರ್ಧ ನಿಮಿಷ ಸುಮ್ಮನಿತ್ತು. ಆಮೇಲೆ ಕಿರ್ರ್ ಎಂದು ಚೀಟಿ ಬಂತು. ಅದರಲ್ಲಿ FAILED ಅಂತ ಇತ್ತು. ಅದೇ ಹೊತ್ತಿಗೆ ಅಕ್ಕನ ಚೀಲದೊಳಗೆ ಮೊಬೈಲು ಟಿಣ್ ಅಂದಿತು. ಖಾತೆಯಿಂದ 4,860 ರೂಪಾಯಿ ಹೋಗಿದೆ ಎಂಬ ಮೆಸೇಜು.

‘ದುಡ್ಡು ಕಟ್ ಆಗಿದೆ ನೋಡಪ್ಪ’ ಅಂದರು ಅಕ್ಕ. ‘ನಮಗೆ ಬಂದಿಲ್ಲ ಮೇಡಂ, ಚೀಟಿ ನೀವೇ ನೋಡಿ’ ಅಂದ ಹುಡುಗ. ಮಾಲೀಕರೂ ಬಂದರು. ಹಿಂದೆ ಸಾಲಿನಲ್ಲಿ ನಿಂತವರೂ ತಲೆಗೊಂದು ಮಾತು ಸೇರಿಸಿದರು. ಕೊನೆಗೆ ಅಕ್ಕ ಭಾವನಿಗೆ ಫೋನ್ ಮಾಡಿ, ಅವರ ಮೊಬೈಲಿನಿಂದ ಅಂಗಡಿಗೆ ಇನ್ನೊಂದು ಸಲ 4,860 ಹಾಕಿಸಿ, ಸೀರೆ ತಗೊಂಡು, ಮುಖ ಗಂಟು ಹಾಕಿಕೊಂಡೇ ಮನೆಗೆ ಬಂದರು. ಬಂದವರೇ ನನ್ನ ಬಾಗಿಲು ಬಡಿದರು. ನಾನು ಬ್ಯಾಂಕಿನಲ್ಲಿದ್ದವನು, ಅದೂ ಕೌಂಟರಿನ ಹಿಂದಲ್ಲ, ಕಾರ್ಡಿನ ಲೆಕ್ಕ ತಾಳೆ ನೋಡುವ ಒಳಕೋಣೆಯಲ್ಲಿ. ಇಂಥ ಚೀಟಿಗಳ ಜೊತೆಯಲ್ಲೇ ನನ್ನ ತಲೆ ನರೆತದ್ದು.

ಅಕ್ಕ ಕೇಳಿದ ಮೊದಲ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ. ‘ಅಂಗಡಿಯವರು ಸುಳ್ಳು ಹೇಳ್ತಿದ್ದಾರಾ?’

ಇಲ್ಲ. ಚೀಟಿಯೂ ನಿಜ, ಮೆಸೇಜೂ ನಿಜ. ನಾವು ಪಿನ್ ಒತ್ತಿದಾಗ ಅಂಗಡಿಯ ಮೆಷಿನ್ನು ಒಂದು ಕೋರಿಕೆ ಕಳಿಸುತ್ತದೆ. ‘ಈ ಕಾರ್ಡಿನಿಂದ 4,860 ರೂಪಾಯಿ ಕೊಡಬಹುದಾ?’ ಎಂಬುದು ಆ ಕೋರಿಕೆ. ಅದು ಮೊದಲು ಮೆಷಿನ್ನು ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿಂದ ರುಪೇ, ವೀಸಾ ಅಥವಾ ಮಾಸ್ಟರ್‌ಕಾರ್ಡಿನ ಜಾಲಕ್ಕೆ, ಅಲ್ಲಿಂದ ನಮಗೆ ಕಾರ್ಡು ಕೊಟ್ಟ ಬ್ಯಾಂಕಿಗೆ. ನಮ್ಮ ಬ್ಯಾಂಕು ಪಿನ್ ನೋಡಿ, ಖಾತೆಯಲ್ಲಿ ದುಡ್ಡು ನೋಡಿ, ಅಷ್ಟನ್ನು ಕಡಿದು ಅಥವಾ ತಡೆಹಿಡಿದು ‘ಆಗಲಿ’ ಎಂದು ಉತ್ತರ ಕೊಡುತ್ತದೆ. ಮೆಸೇಜು ಹೊರಡುವುದು ಆಗಲೇ. ‘ಆಗಲಿ’ ಎಂಬ ಉತ್ತರ ಮಾತ್ರ ಬಂದ ದಾರಿಯಲ್ಲೇ ವಾಪಸು ಹೋಗಿ ಅಂಗಡಿಯ ಮೆಷಿನ್ನನ್ನು ಮುಟ್ಟಬೇಕು. ಮೆಷಿನ್ನಿನ ಒಳಗಿರುವ ಸಿಮ್ಮಿಗೆ ಆ ಗಳಿಗೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ, ಅಥವಾ ನಡುವೆ ಯಾವುದಾದರೂ ಕಂಪ್ಯೂಟರು ತಡ ಮಾಡಿದರೆ, ಉತ್ತರ ಮುಟ್ಟುವುದಿಲ್ಲ. ಮೆಷಿನ್ನು ತನಗೆ ಗೊತ್ತುಮಾಡಿದಷ್ಟು ಸೆಕೆಂಡು ಕಾದು, ಆಗಲಿಲ್ಲ ಎಂದು ಚೀಟಿ ಹೊಡೆಯುತ್ತದೆ.

ಹಾಗಾದರೆ ಆ ರಾತ್ರಿ ಅಕ್ಕನ 4,860 ರೂಪಾಯಿ ಎಲ್ಲಿತ್ತು? ಹೆಚ್ಚಿನವರು ಎಡವುವುದು ಇಲ್ಲೇ. ದುಡ್ಡು ಅಂಗಡಿಗೆ ಹೋಗಿರುವುದಿಲ್ಲ. ಕಾರ್ಡು ಉಜ್ಜಿದ ಕೂಡಲೇ ದುಡ್ಡು ಅಂಗಡಿಯವರ ಖಾತೆಗೆ ಹಾರಿಹೋಗುತ್ತದೆ ಅಂದುಕೊಳ್ಳುತ್ತೇವೆ. ಆದರೆ ಅಂಗಡಿಯವರು ರಾತ್ರಿ ಬಾಗಿಲು ಹಾಕುವ ಮುಂಚೆ ಮೆಷಿನ್ನಿನಲ್ಲಿ ಸೆಟ್ಲ್‌ಮೆಂಟ್ ಮಾಡುತ್ತಾರೆ, ಇಲ್ಲವೇ ಅದು ತಾನೇ ಆಗುತ್ತದೆ. ಆ ದಿನ ಸರಿಯಾಗಿ ಮುಗಿದ ವ್ಯವಹಾರಗಳ ಪಟ್ಟಿ ಆಗ ಬ್ಯಾಂಕಿಗೆ ಹೋಗುತ್ತದೆ, ಆ ಪಟ್ಟಿಯಂತೆ ಬ್ಯಾಂಕುಗಳ ನಡುವೆ ದುಡ್ಡು ಕೈಬದಲಾಗುತ್ತದೆ. ಅಕ್ಕನದು ಆಗದ ವ್ಯವಹಾರವಾದ್ದರಿಂದ ಪಟ್ಟಿಗೆ ಸೇರಲಿಲ್ಲ. ಅದನ್ನು ಕೇಳುವವರೂ ಯಾರೂ ಬರಲಿಲ್ಲ. ದುಡ್ಡು ಅಕ್ಕನ ಬ್ಯಾಂಕಿನಲ್ಲೇ ಇತ್ತು, ಅಕ್ಕನ ಖಾತೆಯ ಹೊರಗೆ, ವಾರಸುದಾರರಿಲ್ಲದ ಹಾಗೆ. ಆದ್ದರಿಂದ ಜಗಳ ಆಡುವುದೇ ಆದರೆ ಸೀರೆ ಅಂಗಡಿಯಲ್ಲಿ ಆಡಿ ಪ್ರಯೋಜನವಿಲ್ಲ, ಮೆಷಿನ್ನಿನ ಮೇಲೆ ಹೆಸರು ಬರೆದಿರುವ ಬ್ಯಾಂಕಿನಲ್ಲೂ ಅಲ್ಲ. ನಮ್ಮ ಕಾರ್ಡಿನ ಮೇಲೆ ಯಾವ ಬ್ಯಾಂಕಿನ ಹೆಸರಿದೆಯೋ ಅಲ್ಲಿಗೇ ಹೋಗಬೇಕು.

ದುಡ್ಡು ವಾಪಸು ಬರಲು ಎರಡು ದಾರಿ ಇವೆ. ಒಂದು ವೇಗದ್ದು. ಉತ್ತರ ಬರದೆ ಹೋದಾಗ ಮೆಷಿನ್ನು ‘ಆಗ ಕೇಳಿದ್ದೆನಲ್ಲ, ಅದನ್ನು ಬಿಟ್ಟುಬಿಡಿ’ ಎಂದು ಇನ್ನೊಂದು ಸಂದೇಶ ಕಳಿಸುತ್ತದೆ. ಇದೇ ರಿವರ್ಸಲ್. ಅದು ಬ್ಯಾಂಕಿಗೆ ಮುಟ್ಟಿದರೆ ಕೆಲವೇ ನಿಮಿಷದಲ್ಲಿ ದುಡ್ಡು ಖಾತೆಗೆ ಬರುತ್ತದೆ, ಎಷ್ಟೋ ಜನಕ್ಕೆ ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಬಂದಿರುತ್ತದೆ. ಆದರೆ ಸಿಗ್ನಲ್ ಇಲ್ಲದೆ ಉತ್ತರ ತಪ್ಪಿದ್ದರೆ ರಿವರ್ಸಲ್ಲೂ ಅದೇ ಕಾರಣಕ್ಕೆ ಹೊರಡಲಾಗದೆ ಮೆಷಿನ್ನಿನಲ್ಲೇ ಉಳಿಯುತ್ತದೆ, ಸಾಮಾನ್ಯವಾಗಿ ಮುಂದಿನ ಕಾರ್ಡು ಹಾಕಿದಾಗ ಮೊದಲು ಅದು ಹೋಗುತ್ತದೆ. ಅಕ್ಕನ ಗ್ರಹಚಾರಕ್ಕೆ ಮುಂದಿನ ಕಾರ್ಡೇ ಬರಲಿಲ್ಲ. ಮೆಷಿನ್ನು ಸರಿಯಿಲ್ಲ ಎಂದು ಹುಡುಗ ಅದನ್ನು ಆರಿಸಿ ಗಲ್ಲಾದ ಡ್ರಾಯರಿನಲ್ಲಿಟ್ಟು, ಇನ್ನೊಂದು ಮೆಷಿನ್ನು ತೆಗೆದನಂತೆ. ಹಬ್ಬದ ಗಲಾಟೆಯಲ್ಲಿ ಯಾರೂ ಅದನ್ನು ಮತ್ತೆ ಮುಟ್ಟಲಿಲ್ಲ.

ಆಗ ಉಳಿಯುವುದು ಎರಡನೆಯ ದಾರಿ, ನಾನು ಮಾಡುತ್ತಿದ್ದ ಕೆಲಸ. ಜಾಲದಿಂದ ಬಂದ ಸೆಟ್ಲ್‌ಮೆಂಟ್ ಪಟ್ಟಿಯನ್ನು ಒಂದು ಕಡೆ, ನಮ್ಮ ಗ್ರಾಹಕರ ಖಾತೆಗಳಿಂದ ಕಡಿದ ಪಟ್ಟಿಯನ್ನು ಇನ್ನೊಂದು ಕಡೆ ಇಟ್ಟು ತಾಳೆ ನೋಡುತ್ತೇವೆ. ಖಾತೆಯಿಂದ ಕಡಿದಿದೆ, ಆದರೆ ಕೇಳುವವರ ಪಟ್ಟಿಯಲ್ಲಿ ಇಲ್ಲ ಅಂತಾದರೆ ಅದನ್ನು ಗ್ರಾಹಕರಿಗೆ ಹಿಂದಕ್ಕೆ ಹಾಕಬೇಕು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇದನ್ನು ಕಾಗದದ ಮೇಲೆ ಗೀಟು ಎಳೆದು ಮಾಡುತ್ತಿದ್ದೆವು, ಈಗ ಕಂಪ್ಯೂಟರು ಮಾಡುತ್ತದೆ. ಆದರೂ ಅಂಗಡಿಯ ಪಟ್ಟಿ ಒಂದೆರಡು ದಿನ ತಡವಾಗಿ ಬರಬಹುದು ಎಂದು ಕಾಯಬೇಕಾಗುತ್ತದೆ. ದಿನಗಳು ಹಿಡಿಯುವುದು ಇದಕ್ಕೇ.

ಎಷ್ಟು ದಿನ? ಅದಕ್ಕೆ ರಿಸರ್ವ್ ಬ್ಯಾಂಕು ಲೆಕ್ಕ ಹಾಕಿಟ್ಟಿದೆ. 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ, ಆ ವರ್ಷದ ಅಕ್ಟೋಬರ್ 15ರಿಂದ ಜಾರಿ. ಖಾತೆಯಿಂದ ದುಡ್ಡು ಹೋಗಿ, ಅಂಗಡಿಯಲ್ಲಿ ದುಡ್ಡು ಬಂದ ಚೀಟಿ ಹುಟ್ಟದೆ ಹೋದರೆ, ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಬ್ಯಾಂಕು ತಾನಾಗಿ ವಾಪಸು ಹಾಕಬೇಕು. ಆಮೇಲೆ ತಡವಾದ ಒಂದೊಂದು ದಿನಕ್ಕೂ 100 ರೂಪಾಯಿ ಪರಿಹಾರ, ಅದೂ ಗ್ರಾಹಕರು ಕೇಳುವ ತನಕ ಕಾಯದೆ. ಈ ಐದು ದಿನ ಕ್ಯಾಲೆಂಡರಿನ ದಿನ, ಭಾನುವಾರ, ಹಬ್ಬ ಎಲ್ಲ ಸೇರಿ. ಕೌಂಟರಿನಲ್ಲಿ ‘ಐದು ವರ್ಕಿಂಗ್ ಡೇ’ ಅಂದರೆ ಒಪ್ಪಬೇಡಿ. ಆದರೆ ಕೊಡುವವರೂ ಪಡೆಯುವವರೂ ಇಬ್ಬರೂ ಭಾರತದಲ್ಲಿದ್ದರೆ ಮಾತ್ರ ಈ ನಿಯಮ. ಮಗನ ಮನೆಗೆಂದು ದುಬೈಗೆ ಹೋದಾಗ ಅಲ್ಲಿನ ಅಂಗಡಿಯಲ್ಲಿ ಉಜ್ಜಿದ್ದಕ್ಕೆ ಇದು ಸಲ್ಲುವುದಿಲ್ಲ.

ಅಕ್ಕನ ಲೆಕ್ಕ ನೋಡೋಣ. ಬುಧವಾರ ಉಜ್ಜಿದ್ದು. ಗುರುವಾರದಿಂದ ಎಣಿಸಿದರೆ ಸೋಮವಾರಕ್ಕೆ ಐದು ದಿನ. ಸೋಮವಾರ ಬರಲಿಲ್ಲ, ಮಂಗಳವಾರ, ಬುಧವಾರವೂ ಇಲ್ಲ. ಗುರುವಾರ ಮಧ್ಯಾಹ್ನ ಬಂತು. ಮೂರು ದಿನ ತಡ, ಮುನ್ನೂರು ರೂಪಾಯಿ ಬರಬೇಕು. ಬ್ಯಾಂಕು 4,860 ಹಾಕಿತು, ಮುನ್ನೂರು ಹಾಕಲಿಲ್ಲ.

ಅದಕ್ಕೂ ಮೊದಲು, ವಾಪಸು ಬಂದಿದ್ದೇ ಅಕ್ಕನಿಗೆ ಗೊತ್ತಾಗಿರಲಿಲ್ಲ, ಮೆಸೇಜು ಬಂದಿರಲಿಲ್ಲ. ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಕಂಡಿತು, REV ಎಂಬ ಮೂರು ಅಕ್ಷರ, ಅದರ ಪಕ್ಕ ಹನ್ನೆರಡು ಅಂಕಿಯ ಒಂದು ಸಂಖ್ಯೆ. ಅಕ್ಕ ಜೋಪಾನವಾಗಿಟ್ಟಿದ್ದ ಚೀಟಿಯಲ್ಲಿ RRN ಎಂಬ ಅಕ್ಷರಗಳ ಮುಂದೆ ಅದೇ ಸಂಖ್ಯೆ ಇತ್ತು. ಒಂದೊಂದು ವ್ಯವಹಾರಕ್ಕೂ ಬೇರೆ ಬೇರೆ RRN ಇರುತ್ತದೆ, ಬ್ಯಾಂಕಿನವರು ಮೊದಲು ಹುಡುಕುವುದು ಅದನ್ನೇ. ಎಲ್ಲ ಬ್ಯಾಂಕೂ ಹೀಗೆಯೇ ಬರೆಯುತ್ತದೆ ಅಂತಲ್ಲ. ಕಡಿಯದೆ ತಡೆಹಿಡಿದಿದ್ದರೆ ಪಾಸ್‌ಬುಕ್ಕಿನಲ್ಲಿ ಹೋದ ಗುರುತೂ ಇರುವುದಿಲ್ಲ, ಬಂದ ಗುರುತೂ ಇರುವುದಿಲ್ಲ, ತೆಗೆಯಬಹುದಾದ ಬಾಕಿ ಮಾತ್ರ ಮೊದಲಿನಂತೆ ಆಗಿರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಸಾಮಾನ್ಯವಾಗಿ ಹೀಗೆಯೇ, ಲಿಮಿಟ್ಟು ಕಡಿಮೆಯಾಗಿ ಮತ್ತೆ ಏರುತ್ತದೆ.

ಈ ಚೀಟಿಯ ಶಾಯಿ ಬಿಸಿಗೆ ಮೂಡುವಂಥದ್ದು, ತಿಂಗಳಲ್ಲೇ ಮಾಸಿಹೋಗಬಹುದು. ಮನೆಗೆ ಬಂದ ದಿನವೇ ಒಂದು ಫೋಟೋ ತೆಗೆದಿಡಿ. ಇನ್ನೊಂದು ಸಲ ಕೊಟ್ಟ ದುಡ್ಡಿನ ಬಿಲ್ಲೂ ಜೊತೆಗಿರಲಿ. ಅಪರೂಪಕ್ಕೆ ಮೆಷಿನ್ನು ಆಗಲಿಲ್ಲ ಅಂದರೂ, ಮೆಷಿನ್ನು ಕೊಟ್ಟ ಬ್ಯಾಂಕಿನ ಕಂಪ್ಯೂಟರು ಆಯಿತು ಎಂದು ಬರೆದುಕೊಂಡು ಅಂಗಡಿಗೆ ದುಡ್ಡು ಹಾಕಿಬಿಟ್ಟಿರುತ್ತದೆ. ಆಗ ತಾಳೆಯಲ್ಲಿ ಏನೂ ತಪ್ಪು ಕಾಣುವುದಿಲ್ಲ, ದುಡ್ಡು ತಾನಾಗಿ ಬರುವುದೂ ಇಲ್ಲ. ನಮ್ಮ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ ಅರ್ಜಿ, ಅಂದರೆ ಅಂಗಡಿಗೆ ಹೋದ ದುಡ್ಡನ್ನು ಹಿಂದಕ್ಕೆ ಕೇಳುವ ಅರ್ಜಿ ಹಾಕಿ, ಅದೇ ಸಾಮಾನಿಗೆ ಎರಡು ಸಲ ಕೊಟ್ಟಿದ್ದೇವೆಂದು ತೋರಿಸಬೇಕು. ಆ ಬಿಲ್ಲು ಬೇಕಾಗುವುದು ಇಲ್ಲಿ.

ಕೆಲವರು ಅಂಗಡಿಯಲ್ಲಿ ಮೊಬೈಲು ತೋರಿಸಿ, ನನ್ನ ದುಡ್ಡು ಹೋಗಿದೆ, ಸಾಮಾನು ಕೊಡಿ ಅಂತ ಹಟ ಹಿಡಿಯುತ್ತಾರೆ. ಹಾಗೆ ಕೊಟ್ಟ ಅಂಗಡಿಯವರಿಗೆ ನಾಲ್ಕು ದಿನ ಬಿಟ್ಟು ಸಾಮಾನೂ ಇಲ್ಲ, ದುಡ್ಡೂ ಇಲ್ಲ, ಏಕೆಂದರೆ ಅದು ಗಿರಾಕಿಯ ಖಾತೆಗೇ ಮರಳಿರುತ್ತದೆ. ಆ ಹುಡುಗ ಸೀರೆ ಬಿಡದೆ ಹಿಡಿದುಕೊಂಡಿದ್ದು ಸರಿಯೇ ಆಗಿತ್ತು. ನಾನು ಹೀಗಂದಾಗ ಅಕ್ಕನಿಗೆ ಅಷ್ಟೇನೂ ಹಿಡಿಸಲಿಲ್ಲ.

ಇನ್ನೊಂದು ಮಾತು. ರಾತ್ರಿ ಗಾಬರಿಯಲ್ಲಿ ಮೊಬೈಲಿನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ, ಕಳ್ಳರ ನಂಬರೂ ಅಲ್ಲೇ ಸಿಗುತ್ತದೆ. ಕಾರ್ಡಿನ ಹಿಂಭಾಗದಲ್ಲೇ ನಂಬರ್ ಇದೆ. ರಿವರ್ಸಲ್ಲಿಗೆ ಪಿನ್ನೂ ಬೇಡ, ಒಟಿಪಿಯೂ ಬೇಡ.

ಆ ಮುನ್ನೂರಕ್ಕೆ ಅಕ್ಕನ ಹತ್ತಿರ ನಾನು ಬರೆಸಿದ ಪತ್ರ ನಾಲ್ಕೇ ಸಾಲಿನದು. ‘ಈ ದಿನ, ಈ ಅಂಗಡಿಯಲ್ಲಿ, ಈ RRN ಸಂಖ್ಯೆಯ ವ್ಯವಹಾರ ವಿಫಲವಾಯಿತು. 4,860 ರೂಪಾಯಿ ಎಂಟನೆಯ ದಿನ ಮರಳಿದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ ಮೂರು ದಿನದ ಪರಿಹಾರ 300 ರೂಪಾಯಿ ಖಾತೆಗೆ ಹಾಕಿ. ಚೀಟಿಯ ಮತ್ತು ಪಾಸ್‌ಬುಕ್ಕಿನ ಪ್ರತಿ ಜೊತೆಗಿದೆ.’ ಶಾಖೆಯಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿ, ದೂರಿನ ಸಂಖ್ಯೆ ಬರೆಸಿಕೊಂಡು ಬಂದೆವು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಹತ್ತೊಂಬತ್ತನೆಯ ದಿನ ಅಕ್ಕನ ಮೊಬೈಲು ಮತ್ತೆ ಟಿಣ್ ಅಂದಿತು.

ನಮಸ್ಕಾರ.