ಮೂಗಿನ ರಕ್ತಸ್ರಾವ: ಒತ್ತಬೇಕಾದ ಜಾಗ, ಕೇಳಬೇಕಾದ ಪ್ರಶ್ನೆ

ಸಭಿಕರೇ,

ಮೂಗಿನಿಂದ ರಕ್ತ ಸೋರುವುದನ್ನು ಕಂಡೊಡನೆ ಹೆಚ್ಚಿನವರು ಎರಡು ಕೆಲಸ ಮಾಡುತ್ತಾರೆ. ತಲೆಯನ್ನು ಹಿಂದಕ್ಕೆ ಬಾಗಿಸುತ್ತಾರೆ, ಮತ್ತು ಹುಬ್ಬುಗಳ ನಡುವಿನಿಂದ ಇಳಿದು ಬರುವ ಮೂಗಿನ ಎಲುಬನ್ನು ಬಿಗಿಯಾಗಿ ಹಿಡಿಯುತ್ತಾರೆ. ಎರಡೂ ತಪ್ಪು. ಏಕೆ ತಪ್ಪು ಎಂಬುದು ಮೂಗಿನ ಒಳರಚನೆಯನ್ನು ತುಸು ನೋಡಿದರೆ ತಾನಾಗಿಯೇ ತಿಳಿಯುತ್ತದೆ.

ಎರಡು ಹೊಳ್ಳೆಗಳನ್ನು ಬೇರ್ಪಡಿಸುವ ನಡುಗೋಡೆಯ ಮುಂಭಾಗದಲ್ಲಿ, ಹೊಳ್ಳೆಯೊಳಗೆ ಹಾಕಿದ ಬೆರಳಿನ ತುದಿ ಸಹಜವಾಗಿಯೇ ತಗಲುವ ಜಾಗದಲ್ಲಿ, ಸಣ್ಣ ರಕ್ತನಾಳಗಳ ಒಂದು ಜಾಲವಿದೆ. ವೈದ್ಯರು ಇದನ್ನು ಲಿಟ್ಲ್ ಪ್ರದೇಶ ಅಥವಾ ಕೀಸಲ್‌ಬಾಕ್ ಜಾಲ ಎಂದು ಕರೆಯುತ್ತಾರೆ. ಕಣ್ಣುಗುಳಿಯ ಕಡೆಯಿಂದ ಇಳಿಯುವ ನಾಳ, ಮೂಗಿನ ಹಿಂಭಾಗದಿಂದ ಮುಂದೆ ಬರುವ ನಾಳ, ಅಂಗುಳಿನಿಂದ ಮೇಲೇರುವ ನಾಳ ಮತ್ತು ಮೇಲ್ದುಟಿಯ ನಾಳ, ಇವೆಲ್ಲದರ ಕವಲುಗಳೂ ಇಲ್ಲಿ ಬಂದು ಕೂಡುತ್ತವೆ. ಅವುಗಳ ಮೇಲಿರುವುದು ತೆಳುವಾದ ಲೋಳೆಪೊರೆ, ಕೆಳಗಿರುವುದು ಗಟ್ಟಿಯಾದ ಮೃದ್ವಸ್ಥಿ. ಒಳಗೆಳೆದುಕೊಂಡ ಗಾಳಿ ಮೊದಲು ಬಡಿಯುವುದೂ ಇಲ್ಲಿಗೇ ಆದ್ದರಿಂದ ಪೊರೆ ಬೇಗ ಒಣಗಿ ಬಿರುಕು ಬಿಡುತ್ತದೆ. ಮೂಗಿನ ರಕ್ತಸ್ರಾವಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಈ ಮುಂಭಾಗದಿಂದಲೇ ಬರುತ್ತವೆ. ಮೇಲಿನ ಎಲುಬನ್ನು ಎಷ್ಟು ಬಿಗಿಯಾಗಿ ಹಿಡಿದರೂ ಆ ಒತ್ತಡ ಇಲ್ಲಿಗೆ ತಲುಪುವುದಿಲ್ಲ. ಮೂಗಿನ ಕೆಳಗಿನ ಮೆತ್ತನೆಯ ಅರ್ಧವನ್ನು ಎರಡೂ ಬದಿಯಿಂದ ಸೇರಿಸಿ ಹಿಡಿದಾಗ ಮಾತ್ರ ಸೋರುವ ನಾಳ ನೇರವಾಗಿ ಅದುಮಿಕೊಳ್ಳುತ್ತದೆ.

ಆದ್ದರಿಂದ ಪ್ರಥಮ ಚಿಕಿತ್ಸೆಯ ಕ್ರಮ ಹೀಗಿದೆ. ರಕ್ತ ಬರುತ್ತಿರುವವರನ್ನು ನೆಟ್ಟಗೆ ಕೂರಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಬೇಕು. ಒಮ್ಮೆ ಮೆಲ್ಲಗೆ ಸೀದಿ ಹೊಳ್ಳೆಯಲ್ಲಿರುವ ಹೆಪ್ಪುಗಳನ್ನು ಹೊರಹಾಕಬಹುದು. ನಂತರ ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಮೂಗಿನ ಮೆತ್ತನೆಯ ಭಾಗವನ್ನು, ಒಂದೇ ಹೊಳ್ಳೆಯಿಂದ ರಕ್ತ ಬರುತ್ತಿದ್ದರೂ ಎರಡೂ ಹೊಳ್ಳೆಗಳು ಮುಚ್ಚುವಂತೆ ಒತ್ತಿ ಹಿಡಿದು, ಬಾಯಿಯಿಂದ ಉಸಿರಾಡಲು ಹೇಳಬೇಕು. ಗಡಿಯಾರ ನೋಡಿಕೊಂಡು ಹತ್ತರಿಂದ ಹದಿನೈದು ನಿಮಿಷ ಕೈ ತೆಗೆಯಬಾರದು. ಬಾಯಿಗೆ ಇಳಿದ ರಕ್ತವನ್ನು ನುಂಗದೆ ಉಗುಳಬೇಕು. ಚಿಕ್ಕ ಮಕ್ಕಳಾದರೆ ದೊಡ್ಡವರು ಮಡಿಲಲ್ಲಿ ಕೂರಿಸಿಕೊಂಡು ತಾವೇ ಒತ್ತಿ ಹಿಡಿಯುವುದು ಒಳ್ಳೆಯದು.

ಈ ಕ್ರಮದಲ್ಲಿ ಎಡವುವುದು ಬಹುತೇಕ ಸಮಯದ ವಿಷಯದಲ್ಲಿ. ಎರಡು ನಿಮಿಷಕ್ಕೊಮ್ಮೆ ಬೆರಳು ತೆಗೆದು ‘ನಿಂತಿತೇ’ ಎಂದು ನೋಡುವವರು, ಆಗಷ್ಟೇ ಕಟ್ಟತೊಡಗಿದ ಹೆಪ್ಪನ್ನು ಪ್ರತಿ ಸಲವೂ ತಾವೇ ಕದಲಿಸುತ್ತಿರುತ್ತಾರೆ. ‘ಅರ್ಧ ಗಂಟೆಯಾದರೂ ನಿಲ್ಲಲಿಲ್ಲ’ ಎಂದು ಆಸ್ಪತ್ರೆಗೆ ಬರುವವರನ್ನು ವಿಚಾರಿಸಿದರೆ, ಆ ಅರ್ಧ ಗಂಟೆಯಲ್ಲಿ ಬಿಡದೆ ಒತ್ತಿ ಹಿಡಿದಿದ್ದ ಅವಧಿ ಹತ್ತು ನಿಮಿಷವೂ ಇರುವುದಿಲ್ಲ. ತಲೆ ಹಿಂದಕ್ಕೆ ಬಾಗಿಸಿದರೆ ರಕ್ತ ಹೊರಗೆ ಕಾಣಿಸದೆ ಗಂಟಲಿಗೆ ಇಳಿಯುತ್ತದೆ, ಅಷ್ಟೆ. ಹೊಟ್ಟೆಗೆ ಹೋದ ರಕ್ತ ವಾಂತಿ ತರಿಸುತ್ತದೆ, ಶ್ವಾಸನಾಳಕ್ಕೆ ಹೋದರೆ ಅಪಾಯ, ಮೇಲಾಗಿ ಎಷ್ಟು ರಕ್ತ ಹೋಯಿತೆಂಬ ಅಂದಾಜೇ ಸಿಗುವುದಿಲ್ಲ. ಹತ್ತಿಯನ್ನು ಒಳಗೆ ತುರುಕುವುದೂ ಬೇಡ, ಏಕೆಂದರೆ ಅದು ಹೆಪ್ಪಿಗೆ ಅಂಟಿಕೊಂಡು, ತೆಗೆಯುವಾಗ ಗಾಯವನ್ನು ಮತ್ತೆ ತೆರೆಯುತ್ತದೆ. ಮೂಗಿನ ಮೇಲೆ ಮಂಜುಗಡ್ಡೆ ಇಟ್ಟರೆ ಕೆಲವರಿಗೆ ಹಿತವೆನಿಸಬಹುದು, ಆದರೆ ಅದು ಒತ್ತುವುದಕ್ಕೆ ಬದಲಿಯಲ್ಲ.

ಮೊದಲ ಸಲ ನಿಲ್ಲದಿದ್ದರೆ ಇನ್ನೊಂದು ಸಲ ಅಷ್ಟೇ ಹೊತ್ತು ಒತ್ತಿ ಹಿಡಿಯಬಹುದು. ಅದಕ್ಕೂ ಬಗ್ಗದಿದ್ದರೆ ಆಸ್ಪತ್ರೆಗೆ ಹೋಗಬೇಕು. ರಕ್ತ ಧಾರೆಯಾಗಿ ಹರಿಯುತ್ತಿದ್ದರೆ, ಮೂಗು ಒತ್ತಿ ಹಿಡಿದಾಗಲೂ ಗಂಟಲಿಗೆ ಇಳಿಯುತ್ತಲೇ ಇದ್ದರೆ, ತಲೆಸುತ್ತು, ಬಿಳಿಚಿಕೊಳ್ಳುವಿಕೆ ಅಥವಾ ಉಸಿರಾಟದ ತೊಂದರೆ ಕಂಡರೆ, ತಲೆಗೆ ಇಲ್ಲವೆ ಮುಖಕ್ಕೆ ಪೆಟ್ಟು ಬಿದ್ದ ನಂತರ ರಕ್ತ ಬಂದಿದ್ದರೆ, ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುವವರಲ್ಲಿ ರಕ್ತ ನಿಲ್ಲದಿದ್ದರೆ, ಕಾಯುತ್ತ ಕೂರಬಾರದು; ದಾರಿಯಲ್ಲೂ ಒತ್ತಿ ಹಿಡಿದುಕೊಂಡೇ ಹೋಗಬೇಕು. ರಕ್ತ ನಿಂತ ಮೇಲೆ ಒಂದು ದಿನವಾದರೂ ಮೂಗು ಸೀದುವುದು, ಬೆರಳು ಹಾಕುವುದು, ಭಾರ ಎತ್ತುವುದು, ಬಹಳ ಬಿಸಿಯಾದದ್ದನ್ನು ಕುಡಿಯುವುದು ಬೇಡ. ಸೀನು ಬಂದರೆ ಬಾಯಿ ತೆರೆದು ಸೀನಬೇಕು.

ಇನ್ನು ಕಾರಣಗಳ ವಿಚಾರ. ಮಕ್ಕಳಲ್ಲಿ ಕಾರಣ ಸಾಮಾನ್ಯವಾಗಿ ಸರಳ: ನೆಗಡಿ ಅಥವಾ ಅಲರ್ಜಿಯಿಂದ ಪೊರೆ ಕೆಂಪಾಗುತ್ತದೆ, ಸಿಂಬಳ ಒಣಗಿ ಹಕ್ಕಳೆಯಾಗುತ್ತದೆ, ತುರಿಸುತ್ತದೆ, ಮಗು ಬೆರಳು ಹಾಕಿ ಕೀಳುತ್ತದೆ, ರಕ್ತ ಬರುತ್ತದೆ, ಆ ಗಾಯ ಮತ್ತೆ ಹಕ್ಕಳೆ ಕಟ್ಟುತ್ತದೆ. ಈ ಸರಪಳಿಯನ್ನು ಕಡಿದರೆ ಸಾಕು. ಹೊಳ್ಳೆಯ ಒಳಬದಿಗೆ ವೈದ್ಯರು ಬರೆದುಕೊಟ್ಟ ಮುಲಾಮನ್ನು ದಿನಕ್ಕೆ ಎರಡು ಬಾರಿ, ಒಂದೆರಡು ವಾರ ಹಚ್ಚಿ, ಉಗುರುಗಳನ್ನು ಕತ್ತರಿಸಿಟ್ಟರೆ ಬಹುತೇಕ ಮಕ್ಕಳಲ್ಲಿ ನಿಲ್ಲುತ್ತದೆ. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ರಕ್ತದೊಂದಿಗೆ ಬರುತ್ತಿದ್ದರೆ ಮಗು ಏನನ್ನೋ ಒಳಗೆ ತೂರಿಸಿಕೊಂಡಿದೆ ಎಂದೇ ತಿಳಿಯಬೇಕು. ಅದು ಗುಂಡಿಯಾಕಾರದ ಬ್ಯಾಟರಿಯಾಗಿದ್ದರೆ ಕೆಲವೇ ಗಂಟೆಗಳಲ್ಲಿ ನಡುಗೋಡೆಯನ್ನು ಸುಡಬಲ್ಲದು, ಹಾಗಾಗಿ ಆ ಅನುಮಾನವಿದ್ದಾಗ ಮರುದಿನಕ್ಕೆ ಮುಂದೂಡುವಂತಿಲ್ಲ.

ವಯಸ್ಕರಲ್ಲಿ ಇದೇ ಒಣಗುವಿಕೆಯ ಜೊತೆಗೆ ಔಷಧಗಳು ಸೇರಿಕೊಳ್ಳುತ್ತವೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಮುಂತಾದವು ಹೊಸದಾಗಿ ರಕ್ತಸ್ರಾವವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ, ಸಣ್ಣದಾಗಿ ಮುಗಿಯಬೇಕಾದುದನ್ನು ದೀರ್ಘಗೊಳಿಸುತ್ತವೆ. ಇವುಗಳನ್ನು ಹೃದಯಕ್ಕೋ ಪಾರ್ಶ್ವವಾಯು ತಡೆಯುವುದಕ್ಕೋ ಕೊಟ್ಟಿರುವುದರಿಂದ ವೈದ್ಯರನ್ನು ಕೇಳದೆ ನಿಲ್ಲಿಸುವುದು ರಕ್ತಸ್ರಾವಕ್ಕಿಂತ ದೊಡ್ಡ ಅಪಾಯವಾಗಬಹುದು. ಅಲರ್ಜಿಗೆ ಬಳಸುವ ಸ್ಟೀರಾಯ್ಡ್ ಸ್ಪ್ರೇ ಕೂಡ ಒಂದು ಕಾರಣ. ಅದರ ತುದಿಯನ್ನು ನಡುಗೋಡೆಯ ಕಡೆಗೆ ತಿರುಗಿಸಿ ಸಿಂಪಡಿಸಿದರೆ ಪೊರೆ ಸವೆಯುತ್ತದೆ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಸಿಂಪಡಿಸಿಕೊಂಡರೆ ತುದಿ ತಾನಾಗಿಯೇ ಹೊರಗೋಡೆಯ ಕಡೆಗೆ ತಿರುಗುತ್ತದೆ. ರಕ್ತದೊತ್ತಡದ ಬಗ್ಗೆ ಒಂದು ಮಾತು: ರಕ್ತ ಸೋರುತ್ತಿರುವಾಗ ಗಾಬರಿಯಿಂದಲೇ ಒತ್ತಡ ಏರಿರುತ್ತದೆ, ಆದ್ದರಿಂದ ಆ ಒಂದು ಅಳತೆಯ ಮೇಲೆ ತೀರ್ಮಾನ ಮಾಡದೆ ಶಾಂತವಾದ ಮೇಲೆ ಮತ್ತೆ ನೋಡಬೇಕು. ವಯಸ್ಸಾದವರಲ್ಲಿ ಮೂಗಿನ ಹಿಂಭಾಗದ ದೊಡ್ಡ ನಾಳದಿಂದ ರಕ್ತ ಬರುವ ಸಾಧ್ಯತೆ ಹೆಚ್ಚು. ಮುಂದೆ ಒತ್ತಿದರೆ ಆ ಜಾಗಕ್ಕೆ ಒತ್ತಡ ಸಿಗದು, ಹಾಗಾಗಿ ಅದಕ್ಕೆ ಆಸ್ಪತ್ರೆಯ ಚಿಕಿತ್ಸೆಯೇ ಬೇಕು.

ಮತ್ತೆ ಮತ್ತೆ ಬರುವ ರಕ್ತಸ್ರಾವದಲ್ಲಿ ತಪಾಸಣೆಯ ಅಗತ್ಯವನ್ನು ಬರೀ ಎಣಿಕೆಯಿಂದ ನಿರ್ಧರಿಸಲಾಗುವುದಿಲ್ಲ. ಇದಕ್ಕೆ ಒಂದು ಕಲ್ಪಿತ ನಿದರ್ಶನವನ್ನು ಮುಂದಿಡುತ್ತೇನೆ. ಎಂಟು ವರ್ಷದ ಹುಡುಗಿಗೆ ವಾರಕ್ಕೆ ಎರಡು ಮೂರು ಸಲ, ಕೆಲವೊಮ್ಮೆ ಎಡ ಹೊಳ್ಳೆಯಿಂದ, ಕೆಲವೊಮ್ಮೆ ಬಲ ಹೊಳ್ಳೆಯಿಂದ ರಕ್ತ ಬರುತ್ತದೆ. ನೋಡಿದರೆ ನಡುಗೋಡೆಯ ಮುಂಭಾಗದಲ್ಲಿ ಹಕ್ಕಳೆಗಳಿವೆ. ಇಷ್ಟಕ್ಕೆ ಮುಲಾಮು ಬರೆದು ಕಳಿಸಿದರೆ ತಪ್ಪೇನಲ್ಲ. ಆದರೆ ವಿಚಾರಿಸಿದಾಗ, ಸರಿಯಾಗಿ ಒತ್ತಿ ಹಿಡಿದರೂ ಪ್ರತಿ ಸಲ ಇಪ್ಪತ್ತು ನಿಮಿಷ ಮೀರುತ್ತದೆ, ಕಾಲಿನ ಮುಂಭಾಗ ಮಾತ್ರವಲ್ಲ, ಬೆನ್ನಿನ ಮೇಲೂ ಪೆಟ್ಟಿನ ನೆನಪಿಲ್ಲದ ಕಂದು ಕಲೆಗಳು ಮೂಡುತ್ತವೆ ಎಂದು ತಿಳಿಯುತ್ತದೆ. ಕುಟುಂಬದ ಬಗ್ಗೆ ಕೇಳಿದಾಗ ತಾಯಿ, ತನಗೆ ಮುಟ್ಟಿನಲ್ಲಿ ಯಾವಾಗಲೂ ಹೆಚ್ಚು ರಕ್ತ ಹೋಗುತ್ತದೆಂದೂ ಹಲ್ಲು ಕೀಳಿಸಿದಾಗ ಮರುದಿನದವರೆಗೂ ಸೋರಿತ್ತೆಂದೂ, ಇದಕ್ಕೂ ಮಗಳ ಮೂಗಿಗೂ ಏನು ಸಂಬಂಧವೆಂಬ ಧಾಟಿಯಲ್ಲಿ ಹೇಳುತ್ತಾಳೆ. ಈ ಉತ್ತರದಿಂದ ಪ್ರಶ್ನೆ ಮೂಗಿನಿಂದ ರಕ್ತದ ಕಡೆಗೆ ಹೊರಳುತ್ತದೆ.

ಮೊದಲು ರಕ್ತಕಣಗಳ ಪೂರ್ಣ ಎಣಿಕೆ ಮಾಡಿಸಬೇಕು. ರಕ್ತಹೀನತೆ ಆಗಿದೆಯೇ, ಪ್ಲೇಟ್‌ಲೆಟ್ ಸಾಕಷ್ಟಿವೆಯೇ, ಬಿಳಿಯ ಕಣಗಳಲ್ಲಿ ರಕ್ತದ ಕ್ಯಾನ್ಸರಿನ ಸೂಚನೆಯೇನಾದರೂ ಇದೆಯೇ ಎಂಬುದು ಅದರಲ್ಲಿ ತಿಳಿಯುತ್ತದೆ. ಈ ಹುಡುಗಿಯಲ್ಲಿ ಹಿಮೋಗ್ಲೋಬಿನ್ ತುಸು ಕಡಿಮೆ, ಉಳಿದುದೆಲ್ಲ ಸರಿ. ಹೆಪ್ಪುಗಟ್ಟುವ ಸಮಯವನ್ನು ಅಳೆಯುವ ಸಾಮಾನ್ಯ ಪರೀಕ್ಷೆಗಳೂ ಸರಿಯಾಗಿವೆ. ಹಲವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಆನುವಂಶಿಕ ರಕ್ತಸ್ರಾವದ ಕಾಯಿಲೆಗಳಲ್ಲಿ ಅತ್ಯಂತ ಸಾಮಾನ್ಯವಾದ ಫಾನ್ ವಿಲ್ಲೆಬ್ರಾಂಡ್ ಕಾಯಿಲೆ ಸೌಮ್ಯವಾಗಿದ್ದಾಗ ಈ ಪರೀಕ್ಷೆಗಳಲ್ಲಿ ಸಿಕ್ಕಿಬೀಳದಿರಬಹುದು. ಈ ಕಾಯಿಲೆಯಲ್ಲಿ, ಪ್ಲೇಟ್‌ಲೆಟ್‌ಗಳನ್ನು ಗಾಯಕ್ಕೆ ಅಂಟಿಸುವ ಒಂದು ಪ್ರೋಟೀನು ಕಡಿಮೆಯಿರುತ್ತದೆ ಅಥವಾ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಪ್ರೋಟೀನಿನ ಪ್ರಮಾಣವನ್ನೂ ಅದು ಕೆಲಸ ಮಾಡುವ ಬಗೆಯನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಅದರಲ್ಲೂ ಒಂದು ತೊಡಕಿದೆ: ಜ್ವರ, ಸೋಂಕು, ಅಳು ಇಂಥವುಗಳಲ್ಲಿ ಆ ಪ್ರೋಟೀನು ತಾತ್ಕಾಲಿಕವಾಗಿ ಏರುತ್ತದೆ. ಸೂಜಿಗೆ ಹೆದರಿ ಚೀರಿದ ಮಗುವಿನ ರಕ್ತದಲ್ಲಿ ಅದು ಸರಿಯಾಗಿಯೇ ಕಾಣಬಹುದು. ಹಾಗಾಗಿ ಕಥೆ ಬಲವಾಗಿದ್ದು ವರದಿ ಮಾತ್ರ ಸರಿಯಿದ್ದರೆ ಕೆಲವು ವಾರಗಳ ನಂತರ ಪರೀಕ್ಷೆಯನ್ನು ಪುನಃ ಮಾಡಿಸುವುದೇ ಸರಿಯಾದ ದಾರಿ. ಅದೇ, ಇಂಥ ಹಿನ್ನೆಲೆಯಿಲ್ಲದೆ ಬರೀ ಮೂಗು ಕೀಳುವ ಮಗುವಿಗೆ ಈ ಪರೀಕ್ಷೆಗಳನ್ನೆಲ್ಲ ಮಾಡಿಸುವುದು ನನ್ನ ಅಭಿಪ್ರಾಯದಲ್ಲಿ ಅನಗತ್ಯ.

ಇನ್ನು ಕೆಲವು ಲಕ್ಷಣಗಳು ಮೂಗಿನೊಳಗೆ ಎಂಡೋಸ್ಕೋಪ್ ಹಾಕಿ ನೋಡುವುದನ್ನು ಬೇಡುತ್ತವೆ. ಹದಿಹರೆಯದ ಹುಡುಗನಿಗೆ ಒಂದೇ ಬದಿ ಮೂಗು ಕಟ್ಟಿ, ಅದೇ ಬದಿಯಿಂದ ಪದೇ ಪದೇ ಜೋರಾಗಿ ರಕ್ತ ಬರುತ್ತಿದ್ದರೆ ಆಂಜಿಯೋಫೈಬ್ರೋಮಾ ಎಂಬ ರಕ್ತನಾಳಗಳಿಂದ ತುಂಬಿದ ಗಡ್ಡೆಯನ್ನು ನೆನೆಯಬೇಕು. ಅದು ಕ್ಯಾನ್ಸರಲ್ಲ, ಆದರೆ ಸ್ಕ್ಯಾನ್ ಮಾಡದೆ ಅದರ ಚೂರು ತೆಗೆಯಲು ಹೋದರೆ ತಡೆಯಲಾಗದಂತೆ ರಕ್ತ ಹರಿಯಬಹುದು. ವಯಸ್ಕರಲ್ಲಿ ಒಂದೇ ಬದಿಯ ಕಟ್ಟುವಿಕೆ, ಮುಖದ ನೋವು ಅಥವಾ ಜೋಮು, ಕತ್ತಿನ ಗಂಟು ಇವು ಸೇರಿದ್ದರೆ ಗಡ್ಡೆಯಿಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ತುಟಿ, ನಾಲಿಗೆ, ಬೆರಳ ತುದಿಗಳಲ್ಲಿ ಸಣ್ಣ ಕೆಂಪು ಚುಕ್ಕೆಗಳಿದ್ದು, ಮನೆಯಲ್ಲಿ ಇನ್ನೊಬ್ಬರಿಗೂ ಮೂಗಿನಿಂದ ರಕ್ತ ಬರುತ್ತಿದ್ದರೆ ಅದು ರಕ್ತನಾಳಗಳದ್ದೇ ಆದ ಆನುವಂಶಿಕ ಕಾಯಿಲೆಯಿರಬಹುದು, ಆಗ ಶ್ವಾಸಕೋಶವನ್ನೂ ಪರೀಕ್ಷಿಸಬೇಕಾಗುತ್ತದೆ. ಎರಡು ವರ್ಷದೊಳಗಿನ ಮಗುವಿನಲ್ಲಿ ಮೂಗಿನ ರಕ್ತಸ್ರಾವವೇ ಅಪರೂಪವಾದ್ದರಿಂದ ಒಂದೇ ಸಲ ಬಂದರೂ ವೈದ್ಯರು ನೋಡಬೇಕು.

ಆ ಹುಡುಗಿಯ ವಿಷಯಕ್ಕೆ ಬಂದರೆ, ಎರಡನೆಯ ಪರೀಕ್ಷೆಯಲ್ಲಿ ಪ್ರೋಟೀನು ಕಡಿಮೆಯಿರುವುದು ಗೊತ್ತಾಯಿತೆಂದಿಟ್ಟುಕೊಳ್ಳೋಣ. ಮೂಗಿಗೆ ಮುಲಾಮು ಮುಂದುವರಿಯುತ್ತದೆ, ರಕ್ತಹೀನತೆಗೆ ಕಬ್ಬಿಣದ ಔಷಧ ಸೇರುತ್ತದೆ, ರಕ್ತ ನಿಲ್ಲದ ದಿನಗಳಿಗೆಂದು ಟ್ರಾನೆಕ್ಸಾಮಿಕ್ ಆಮ್ಲವನ್ನು ಮಗುವಿನ ತೂಕಕ್ಕೆ ತಕ್ಕಂತೆ ವೈದ್ಯರು ಬರೆದುಕೊಡುತ್ತಾರೆ. ನೋವಿಗೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ, ಪ್ಯಾರಾಸಿಟಮಾಲ್ ಆಗಬಹುದು. ಹಲ್ಲು ಕೀಳಿಸುವ ಅಥವಾ ಟಾನ್ಸಿಲ್ ತೆಗೆಸುವ ಮುನ್ನ ಶಸ್ತ್ರವೈದ್ಯರಿಗೆ ಈ ವಿಷಯವನ್ನು ತಿಳಿಸಿ ಮುಂಚಿತವಾಗಿ ಔಷಧ ಪಡೆಯಬೇಕು. ಮತ್ತು ತಾಯಿಯೂ ಅದೇ ಪರೀಕ್ಷೆ ಮಾಡಿಸಿಕೊಳ್ಳಬೇಕು.