ಪ್ರಮೋಷನ್ ತಪ್ಪಿತಾ? ಅವನ ಹೆಸರು ಎತ್ತಬೇಡಿ

ನಮಸ್ಕಾರ್ರೀ ಎಲ್ಲರಿಗೂ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಸಾಹೇಬರ ಹಿಂದೆ ಬಾಲ ಬಡಿಯೋರಿಗೇ ಪ್ರಮೋಷನ್. ಬಾಯಿ ಬಿಟ್ಟರೆ ಹೊಟ್ಟೆಕಿಚ್ಚು ಅಂತಾರ. ಸುಮ್ನಿರೋದೇ ಚಲೋ." ಓದಿ ಮೈ ಉರಿಯಿತು. ಸುಮ್ನೆ ಯಾಕಿರಬೇಕ್ರೀ? ಕೇಳಿ. ಆದರೆ ಕೇಳುವಾಗ ಪ್ರಮೋಷನ್ ಸಿಕ್ಕವನ ಹೆಸರು ಎತ್ತಬೇಡಿ. ಇವತ್ತು ನಾನು ಹೇಳೋದು ಇದೊಂದೇ.

ತಾರಿಹಾಳದ ಒಂದು ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿ ದುಡಿಯುವ ಹುಡುಗನೊಬ್ಬ ನನಗೆ ಮೆಸೇಜ್ ಮಾಡಿದ್ದ. ಏಳು ವರ್ಷದ ಸರ್ವೀಸು. ಅವನ ಕೈಯಲ್ಲೇ ಕೆಲಸ ಕಲಿತವನು ಸೂಪರ್‌ವೈಸರ್ ಆದ. ಇವನು ಅದೇ ದಿನ ಮ್ಯಾನೇಜರ್ ಕ್ಯಾಬಿನ್‌ಗೆ ನುಗ್ಗಿ, "ಅವ ನಿಮ್ಮ ಊರಾಂವ ಅಂತ ಮಾಡೀರಿ ಅಲ್ರೀ ಸರ್?" ಅಂದ. ಅದು ನಿಜವೇ ಇರಬಹುದು. ಆದರೆ ಮಾತು ಯಾರ ಮೇಲೆ ತಿರುಗಿತು? ಇವನ ನಾಲಿಗೆ ಮೇಲೆ! ಯಾವ ಅಳತೆಗೋಲಿನಲ್ಲಿ ಆರಿಸಿದರು ಅಂತ ಮ್ಯಾನೇಜರ್ ಹೇಳಬೇಕಾಗಿತ್ತು. ಅದರ ಬದಲು "ಎಷ್ಟು ಸೊಕ್ಕು ನೋಡ್ರಿ ಇವಂಗ" ಅನ್ನೋದು ಡಿಪಾರ್ಟ್‌ಮೆಂಟಿಗೆಲ್ಲ ಹಬ್ಬಿತು. ಆರಿಸಿದವರು ಆರಾಮಾಗಿ ತಪ್ಪಿಸಿಕೊಂಡರು. ನನಗೆ ಸಿಟ್ಟು ಬರೋದೇ ಇಲ್ಲಿ!

ಏನು ಮಾಡಬೇಕಿತ್ತು? ಆ ದಿನ ಮನೆಗೆ ಹೋಗಬೇಕಿತ್ತು. ಸಿಟ್ಟು ಇಳಿದ ಮೇಲೆ, ಒಂದು ವಾರದೊಳಗೆ, ಮ್ಯಾನೇಜರ್ ಹತ್ತಿರ ಹದಿನೈದು ನಿಮಿಷ ಟೈಮ್ ಕೇಳಬೇಕಿತ್ತು. ಒಂದು ಹಾಳೆ ಒಯ್ಯಬೇಕಿತ್ತು. ಸ್ಟಾಕ್ ಆಡಿಟ್‌ನಲ್ಲಿ ಎಷ್ಟು ವ್ಯತ್ಯಾಸ ಬರ್ತಿತ್ತು, ತನ್ನ ಕೈಗೆ ಬಂದ ಮೇಲೆ ಎಷ್ಟಕ್ಕೆ ಇಳಿಯಿತು, ಸೂಪರ್‌ವೈಸರ್ ರಜೆ ಇದ್ದಾಗ ಶಿಫ್ಟ್ ನೋಡಿಕೊಂಡವರು ಯಾರು, ಇಷ್ಟು ಅದರಲ್ಲಿದ್ದರೆ ಸಾಕು. ಆಮೇಲೆ ಕೇಳೋದು: "ಸರ್, ಈ ಪೋಸ್ಟಿಗೆ ಏನೇನು ನೋಡಿದಿರಿ? ಅದರಲ್ಲಿ ನಾನು ಎಲ್ಲಿ ಕಡಿಮೆ ಬಿದ್ದೆ? ಮುಂದಿನ ಸಲಕ್ಕೆ ಏನು ಮಾಡಿ ತೋರಿಸಬೇಕು, ಅದನ್ನ ಯಾವಾಗ ಕೂತು ನೋಡೋಣ?" ಮೂರೂ ಪ್ರಶ್ನೆಯಲ್ಲಿ ಅವನ ಹೆಸರು ಇದೆಯಾ? ಇಲ್ಲ! ಹೊಟ್ಟೆಕಿಚ್ಚು ಅನ್ನೋಕೆ ಜಾಗವೇ ಇಲ್ಲ!

"ನಿನಗ ಲೀಡರ್‌ಶಿಪ್ ಸಾಲದು" ಅಂತಾರೆ. ಬಹಳ ಸಲ ಬರುವ ಉತ್ತರ ಇದೇ. ವಾದ ಮಾಡಬೇಡಿ. "ಯಾವ ಕೆಲಸದಾಗ ಹಂಗ ಅನಿಸ್ತು ಸರ್, ಒಂದು ಉದಾಹರಣೆ ಹೇಳ್ರಿ" ಅನ್ನಿ. ನಿಜವಾಗಿ ಕೊರತೆ ಕಂಡಿದ್ದವರು ಹೇಳ್ತಾರೆ, ಅದನ್ನ ತಿದ್ದಿಕೊಳ್ಳಿ. ಸುಮ್ನೆ ಅಂದವರು ತಡವರಿಸ್ತಾರೆ. ಸಂಜೆಯೇ ಒಂದು ಮೇಲ್ ಹಾಕಿ: "ಇವತ್ತು ತಾವು ಹೇಳಿದ್ದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ, ತಪ್ಪಿದ್ದರೆ ತಿಳಿಸಿ." ಈ ವರ್ಷ "ಸೀನಿಯಾರಿಟಿ ನೋಡಲ್ಲ, ಕೆಲಸ ನೋಡ್ತೇವಿ" ಅಂದವರು ಮುಂದಿನ ವರ್ಷ "ಅಂವ ಸೀನಿಯರ್ ಅದಾನ" ಅಂದರೆ, ಪಕ್ಷಪಾತ ಅಂತ ನೀವು ಕೂಗಬೇಕಾಗಿಲ್ಲ. ನೀವು ಹಾಕಿದ ಇಮೇಲೇ ಹೇಳುತ್ತೆ. ಎಚ್‌ಆರ್ ಮುಂದೆ ಇಡೋಕೆ ನಿಮ್ಮ ಹತ್ತಿರ ಕಾಗದ ಇರುತ್ತೆ.

ಚಾನೆಲ್‌ಗೆ ಹೊಸಬರಾಗಿದ್ದರೆ ಸಬ್‌ಸ್ಕ್ರೈಬ್ ಮಾಡಿ. ಆ ಮೇಲ್ ಕನ್ನಡದಲ್ಲೇ ಬರೆದು ಕೆಳಗೆ ಹಾಕಿದ್ದೇನೆ.

"ಸರ್ಕಾರಿ ಆಫೀಸಿನಾಗ ಇದೆಲ್ಲ ನಡಿಯಂಗಿಲ್ಲ" ಅಂತಾರೆ. ಅಲ್ಲಿ ಇನ್ನೂ ಚೆನ್ನಾಗಿ ನಡೆಯುತ್ತೆ! ದೇವ್ ದತ್ ಅಂತ ಒಬ್ಬ ಎಂಜಿನಿಯರ್. ಪ್ರಮೋಷನ್‌ಗೆ, ಸಾಹೇಬರು ವರ್ಷವರ್ಷ ಬರೆಯೋ ಕೆಲಸದ ವರದಿಯಲ್ಲಿ 'ವೆರಿ ಗುಡ್' ಬೇಕಿತ್ತು, ಒಂದು ವರ್ಷ ಬರೀ 'ಗುಡ್' ಅಂತ ಬರೆದಿದ್ದರು. ಅದನ್ನು ಅವರಿಗೆ ತಿಳಿಸಿಯೇ ಇರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್, ನೌಕರನ ವರದಿಯಲ್ಲಿ ಏನೇ ಬರೆದರೂ ಅವನಿಗೆ ತಿಳಿಸಬೇಕು, ಆಕ್ಷೇಪ ಹೇಳೋಕೆ ಅವಕಾಶ ಇರಬೇಕು ಅಂದಿತು. ಆ ಮನುಷ್ಯ ಗೆದ್ದಿದ್ದು ತನ್ನ ಫೈಲ್ ಹಿಡಿದು! ಪಕ್ಕದವರ ಫೈಲ್ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕ್ತೀರಾ? ಅದು ವೈಯಕ್ತಿಕ ಮಾಹಿತಿ, ದೊಡ್ಡ ಸಾರ್ವಜನಿಕ ಹಿತ ತೋರಿಸದೆ ಕೊಡೋಕಾಗಲ್ಲ ಅಂತ 2012ರಲ್ಲಿ ಅದೇ ಕೋರ್ಟ್ ಹೇಳಿದೆ. ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಬಂದಾಗ ನಿಮ್ಮ ಹೆಸರು ಎಲ್ಲಿದೆ ನೋಡಿ, ಗಡುವಿನೊಳಗೆ ಆಕ್ಷೇಪಣೆ ಕೊಡಿ.

"ಮಾಲಕರ ಅಳಿಯನೇ ಮ್ಯಾನೇಜರ್ ಆದ್ರ?" ಅಂತ ಒಬ್ಬರು ಕೇಳಿದ್ದಾರೆ. ಆಗ ಮೇಲ್‌ನಿಂದ ಏನೂ ಆಗಲ್ಲ, ನೇರವಾಗಿ ಹೇಳ್ತೀನಿ. ಆ ಹಾಳೆ ತಗೊಂಡು ಬೇರೆ ಕಡೆ ಇಂಟರ್‌ವ್ಯೂಗೆ ಹೋಗಿ. ಅಲ್ಲೂ ಅಳಿಯನ ಸುದ್ದಿ ತೆಗೀಬೇಡಿ!

"ಹೆಸರು ಹೇಳದಿದ್ದರೆ ಅನ್ಯಾಯ ಗೊತ್ತಾಗೋದು ಹೆಂಗ?" ಅಯ್ಯೋ, ಅವರಿಗೆ ಗೊತ್ತಿದೆ ಮಾರಾಯ್ರ! ಆರಿಸಿದವರೇ ಅವರು! ಹೆಸರು ಬೇಡ, ಬೇಡ ಅಂದರೆ ಬೇಡ! ನಿಮ್ಮ ಮ್ಯಾನೇಜರ್ ಏನು ಉತ್ತರ ಕೊಟ್ಟರು ಅಂತ ಕಮೆಂಟ್‌ನಲ್ಲಿ ಬರೀರಿ, ಕಂಪನಿ ಹೆಸರು ಬಿಟ್ಟು. ಮುಂದಿನ ವಿಡಿಯೋದಲ್ಲಿ ಅವನ್ನೇ ಓದ್ತೀನಿ. ಬರ್ತೀನ್ರೀ.